ಹದಿನೈದು ಸಾವಿರ ಒಪ್ಪಿಕೊಳ್ಳುವ ಮುನ್ನ

ಕಾರಿನ ವಿಮೆ ನವೀಕರಣಕ್ಕೆ ಬಂದಿತ್ತು. ನಮ್ಮ ಭಾವನವರು ವಿಮಾ ಕಂಪನಿಯ ಶಾಖೆಗೆ ಒಂದು ಪತ್ರ ಬರೆದು, ಕಳಿಸುವ ಮುಂಚೆ ಒಮ್ಮೆ ಓದು ಎಂದು ನನ್ನ ಕೈಗಿಟ್ಟರು. ಐದು ವರ್ಷದಿಂದ ಒಂದೂ ಕ್ಲೇಮ್ ಮಾಡಿಲ್ಲ. ಮುಂದೆ ಕಾರಿಗೆ ಪೆಟ್ಟಾದರೆ ಮೊದಲ 15,000 ರೂಪಾಯಿ ನಾನೇ ಹಾಕಿಕೊಳ್ಳುತ್ತೇನೆ. ಆದ್ದರಿಂದ ಪ್ರೀಮಿಯಂ ಇಳಿಸಿಕೊಡಿ. ಒಕ್ಕಣೆ ಅಚ್ಚುಕಟ್ಟಾಗಿತ್ತು. ನನ್ನ ತಕರಾರಿದ್ದದ್ದು ಆ ಹದಿನೈದು ಸಾವಿರದ ಬಗ್ಗೆ.

ಇದಕ್ಕೆ ವಾಲಂಟರಿ ಡಿಡಕ್ಟಿಬಲ್ ಎನ್ನುತ್ತಾರೆ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿಯನ್ನು ಮಾಲೀಕ ಹೇಗೂ ಭರಿಸಬೇಕು. ಇದು ಅದರ ಮೇಲೆ ನಾವಾಗಿಯೇ ಹೊರುವ ಭಾರ. ಹೆಚ್ಚು ಹೊತ್ತಷ್ಟೂ ಹೆಚ್ಚು ಉಳಿತಾಯ ಎಂಬ ನಂಬಿಕೆ ಸಹಜವೇ. ಆದರೆ ದರಪಟ್ಟಿ ಹಾಗೆ ಹೇಳುವುದಿಲ್ಲ. ಮೋಟಾರ್ ತಾರಿಫ್‌ನ ಪ್ರಕಾರ 2,500 ಒಪ್ಪಿದರೆ ಶೇ. 20 ರಿಯಾಯಿತಿ, ಆದರೆ 750 ರೂಪಾಯಿ ಮೀರುವಂತಿಲ್ಲ. 5,000ಕ್ಕೆ ಶೇ. 25, ಮಿತಿ 1,500. 7,500ಕ್ಕೆ ಶೇ. 30, ಮಿತಿ 2,000. 15,000ಕ್ಕೆ ಶೇ. 35, ಮಿತಿ 2,500. 2007ರಿಂದ ಕಂಪನಿಗಳು ತಮ್ಮ ದರ ತಾವೇ ಗೊತ್ತುಮಾಡಬಹುದಾದ್ದರಿಂದ ನಿಮ್ಮ ಕಂಪನಿಯ ಅಂಕಿ ಬೇರೆಯಿರಬಹುದು, ಕೇಳಿಕೊಳ್ಳಿ. ಈ ಶೇಕಡಾವಾರು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡಿದ್ದು. ಶಾಖಾ ವ್ಯವಸ್ಥಾಪಕರಿಗೆ ಎಷ್ಟು ವಿನಯದಿಂದ ಬರೆದರೂ ಅದು ಅಲ್ಲಾಡುವುದಿಲ್ಲ.

ಕೊನೆಯ ಮೆಟ್ಟಿಲನ್ನು ನೋಡಿ. 7,500ರಿಂದ 15,000ಕ್ಕೆ ಹಾರಿದರೆ ಹೊರೆ ದುಪ್ಪಟ್ಟು, ಹೆಚ್ಚುವರಿ ರಿಯಾಯಿತಿ ಬರೀ 500.

ಅದೂ ಪೂರ್ತಿ ಕೈಗೆ ಬರುವುದಿಲ್ಲ. ಭಾವನವರ ಓನ್ ಡ್ಯಾಮೇಜ್ ಪ್ರೀಮಿಯಂ 9,000 ರೂಪಾಯಿ. ಸಾಮಾನ್ಯವಾಗಿ ಈ ರಿಯಾಯಿತಿಯನ್ನು ಮೊದಲು ಕಳೆದು, ಉಳಿದದ್ದರ ಮೇಲೆ ನೋ ಕ್ಲೇಮ್ ಬೋನಸ್ ಲೆಕ್ಕ ಹಾಕುತ್ತಾರೆ. ಐದು ವರ್ಷ ಕ್ಲೇಮ್ ಇಲ್ಲದ ಅವರಿಗೆ ಬೋನಸ್ ಶೇ. 50. ಹಾಗಾಗಿ 2,500ರ ರಿಯಾಯಿತಿಯಿಂದ ನಿಜಕ್ಕೂ ಉಳಿಯುವುದು 1,250, ಶೇ. 18ರ ಜಿಎಸ್‌ಟಿ ಸೇರಿಸಿದರೆ 1,475. 7,500ಕ್ಕೆ ಒಪ್ಪಿದ್ದರೆ 1,180. ವ್ಯತ್ಯಾಸ 295 ರೂಪಾಯಿ. ಅಷ್ಟಕ್ಕಾಗಿ ಅವರು ಇನ್ನೂ 7,500 ರೂಪಾಯಿಯ ಅಪಾಯ ಮೈಮೇಲೆ ಎಳೆದುಕೊಳ್ಳುತ್ತಿದ್ದರು. ಇದು ಸರಿಹೋಗಲು ಇಪ್ಪತ್ತೈದು ವರ್ಷ ದೊಡ್ಡ ಅಪಘಾತವಾಗದೆ ಸಾಗಬೇಕು. ಅಷ್ಟು ದಿನ ಆ ಕಾರೇ ಇರುವುದಿಲ್ಲ. ಎಚ್ಚರದಿಂದ ಓಡಿಸಿ ಬೋನಸ್ ಗಳಿಸಿದವರಿಗೇ ಈ ರಿಯಾಯಿತಿ ಅರ್ಧವಾಗಿಬಿಡುವುದು ಒಂದು ತಮಾಷೆಯೇ.

ಹಾಗಾದರೆ ಡಿಡಕ್ಟಿಬಲ್ಲೇ ಬೇಡವೆ? ಕಾರು ಬಲ್ಲ ಗೆಳೆಯರು ಅನೇಕರು ಹಾಗೇ ಹೇಳುತ್ತಾರೆ. ಇಲ್ಲಿ ಅವರ ಮಾತನ್ನೂ ನಾನು ಒಪ್ಪಲಾರೆ. ಒಂದು ಕ್ಲೇಮ್ ಮಾಡಿದರೆ ಭಾವನವರ ಬೋನಸ್ ಶೂನ್ಯಕ್ಕಿಳಿದು, ಮತ್ತೆ 20, 25, 35, 45 ಎಂದು ಹತ್ತಬೇಕು. 9,000ದ ಮೇಲೆ ಈ ಐದು ವರ್ಷಗಳ ನಷ್ಟ ಕೂಡಿಸಿದರೆ 11,250 ರೂಪಾಯಿ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿದು ಇದು ತುಸು ಕಡಿಮೆಯಾದೀತು. ಅಂದರೆ ಹತ್ತು ಸಾವಿರದೊಳಗಿನ ಬಂಪರು, ಬಾಗಿಲಿನ ರಿಪೇರಿಗೆ ಅವರು ಡಿಡಕ್ಟಿಬಲ್ ಇಲ್ಲದಿದ್ದರೂ ಕ್ಲೇಮ್ ಮಾಡುವುದಿಲ್ಲ. ಆ ಭಾರವನ್ನು ಅವರು ಆಗಲೇ ಹೊತ್ತಿದ್ದಾರೆ. ಡಿಡಕ್ಟಿಬಲ್ ಕಚ್ಚುವುದು ದೊಡ್ಡ ಅಪಘಾತದಲ್ಲಿ ಮಾತ್ರ. 5,000ಕ್ಕೆ ಒಪ್ಪಿದರೆ ವರ್ಷಕ್ಕೆ 885 ರೂಪಾಯಿ ಉಳಿತಾಯ. ಆರು ವರ್ಷಕ್ಕೊಮ್ಮೆಗಿಂತ ಅಪರೂಪವಾಗಿ ದೊಡ್ಡ ಕ್ಲೇಮ್ ಮಾಡುವವರಿಗೆ ಅದು ಲಾಭವೇ.

ದೊಡ್ಡ ಅಪಘಾತವಾದಾಗ 15,000 ಹೇಗೆ ಕಾಣುತ್ತದೆ ಎಂಬುದನ್ನೂ ಅವರಿಗೆ ಬರೆದು ತೋರಿಸಿದೆ. ಗ್ಯಾರೇಜಿನ ಬಿಲ್ಲು 40,000 ಎಂದುಕೊಳ್ಳಿ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ, ಲೋಹದ ಭಾಗಗಳಿಗೆ ಕಾರಿನ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಸರ್ವೇಯರ್ 31,000ಕ್ಕೆ ನಿಲ್ಲಿಸಿದರೆ, ಅದರಿಂದ ಕಡ್ಡಾಯದ 1,000, ನಾವು ಒಪ್ಪಿದ 15,000 ಕಳೆಯಬೇಕು. ಕಂಪನಿ ಕೊಡುವುದು 15,000. ಮಿಕ್ಕ 25,000 ನಮ್ಮ ಜೇಬಿನದು, ಜೊತೆಗೆ ಬೋನಸ್ಸೂ ಹೋಯಿತು. ಅದೇ ವರ್ಷ ಮತ್ತೊಂದು ಅಪಘಾತವಾದರೆ ಮತ್ತೆ 15,000 ಕಡಿತ. ಇದು ವರ್ಷಕ್ಕೊಮ್ಮೆಯದಲ್ಲ, ಕ್ಲೇಮಿಗೊಮ್ಮೆಯದು.

ಭಾವನವರು ಬಿಲ್ಲಿನ ಲೆಕ್ಕವನ್ನು ಎರಡು ಸಲ ಕೂಡಿಸಿ ನೋಡಿ, ಪತ್ರ ತಿದ್ದಿದರು. ಈಗ ಅದರಲ್ಲಿ ಪಾಲಿಸಿ ಸಂಖ್ಯೆ, ಕಾರಿನ ನೋಂದಣಿ ಸಂಖ್ಯೆಯ ಕೆಳಗೆ ಮೂರೇ ಕೋರಿಕೆಗಳಿವೆ: 5,000 ಮತ್ತು 7,500 ಎರಡಕ್ಕೂ ಬೇರೆ ಬೇರೆ ಪ್ರೀಮಿಯಂ ತಿಳಿಸಿ, ಬೋನಸ್ಸಿಗೆ ಮುಂಚೆ ಕಳೆಯುತ್ತೀರೋ ಆಮೇಲೋ ಹೇಳಿ, ಒಪ್ಪಿದ ಮೊತ್ತವನ್ನು ಪಾಲಿಸಿಯಲ್ಲಿ ಐಎಂಟಿ 22ಎ ಎಂದು ನಮೂದಿಸಿ. ಉತ್ತರ ತಡವಾದರೆ ಕಾಯುತ್ತ ಕೂರಬೇಡಿ, ಹಳೆಯ ಷರತ್ತಿನಲ್ಲೇ ನವೀಕರಿಸಿಬಿಡಿ ಎಂದೂ ಅವರಿಗೆ ಹೇಳಿದ್ದೇನೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಐದು ವರ್ಷದ ಬೋನಸ್ ಪೂರಾ ಹೋಗುತ್ತದೆ.