ಹಲೋ ಅಂದ್ರೆ ಐದು ಬೈಟಾ, ಒಂಬತ್ತಾ?

ಕಳೆದ ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಬಂದಿದ್ದವರಿಗೆಲ್ಲ ನೆನಪಿರಬಹುದು. ನಮ್ಮ ಸಂಘದಿಂದ ಕೊಟ್ಟ ಪ್ರಮಾಣಪತ್ರಗಳಲ್ಲಿ ಒಂದರ ಮೇಲೆ ವಿದ್ಯಾರ್ಥಿಯ ಹೆಸರು ‘ECE’ ಅಂತಲೂ, ವಿಭಾಗ ‘ರಮ್ಯ’ ಅಂತಲೂ ಅಚ್ಚಾಗಿತ್ತು. ಸಭೆಯಲ್ಲಿ ನಗು, ನಮಗೆ ಮುಖ ಮುಚ್ಚಿಕೊಳ್ಳುವ ಹಾಗಾಯ್ತು. ಪ್ರಿಂಟಿಂಗಿನವರ ತಪ್ಪು ಅಂತ ಆವತ್ತು ಹೇಳಿಬಿಟ್ವಿ. ಅದು ಸುಳ್ಳು. ತಪ್ಪು ನಮ್ಮದೇ, ನಾವೇ ಬರೆದ ಹತ್ತಿಪ್ಪತ್ತು ಸಾಲಿನ ಸಿ ಪ್ರೋಗ್ರಾಮಿನದು. ಅದರ ಬೇರು ಹುಡುಕ್ತಾ ಹೋದರೆ ಮೊದಲ ಸೆಮಿಸ್ಟರಿನ ಲ್ಯಾಬಿನಲ್ಲಿ ನಾವೆಲ್ಲ ಟೈಪ್ ಮಾಡಿದ `hello` ತನಕ ಹೋಗಬೇಕಾಯ್ತು.

ಅಲ್ಲಿಂದಲೇ ಶುರು ಮಾಡೋಣ. ಮೆಮೊರಿಗೆ ಅಕ್ಷರ ಅಂದ್ರೆ ಏನೂ ಗೊತ್ತಿಲ್ಲ. ಅದರಲ್ಲಿ ಇಡೋಕೆ ಆಗೋದು ಬಿಟ್‌ಗಳನ್ನು ಮಾತ್ರ, ಸೊನ್ನೆ ಇಲ್ಲವೇ ಒಂದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಒಂದು ಬೈಟಿನಲ್ಲಿ 0 ಯಿಂದ 255 ರವರೆಗಿನ ಒಂದು ಸಂಖ್ಯೆ ಹಿಡಿಸುತ್ತೆ. ಹಾಗಾಗಿ ಅಕ್ಷರವನ್ನು ಇಡಬೇಕಾದರೆ ಮೊದಲು ಅದಕ್ಕೊಂದು ನಂಬರ್ ಕೊಡಬೇಕು, ಮತ್ತು ಆ ನಂಬರಿನ ಪಟ್ಟಿಯನ್ನು ಎಲ್ಲರೂ ಒಪ್ಪಬೇಕು. 1960ರ ದಶಕದಲ್ಲಿ ಅಮೆರಿಕದಲ್ಲಿ ಹಾಗೆ ಒಪ್ಪಿಕೊಂಡ ಪಟ್ಟಿಯೇ ಆಸ್ಕಿ. ಅದರಲ್ಲಿ ಇರೋದು 128 ಮನೆ. h ಗೆ 104, e ಗೆ 101, l ಗೆ 108, o ಗೆ 111.

104 ಅನ್ನು ಬಿಟ್ಟಿಗೆ ಇಳಿಸೋದು ಚಿಲ್ಲರೆ ಕೊಟ್ಟ ಹಾಗೆ. 128, 64, 32, 16, 8, 4, 2, 1 ಅನ್ನೋ ನೋಟುಗಳು ಒಂದೊಂದೇ ಇವೆ ಅಂದುಕೊಳ್ಳಿ. 104ಕ್ಕೆ 128 ಬೇಡ. 64 ಬೇಕು, 32 ಬೇಕು, 16 ಬೇಡ, 8 ಬೇಕು, ಉಳಿದವು ಬೇಡ. ಬೇಕು ಅಂದಲ್ಲಿ 1, ಬೇಡ ಅಂದಲ್ಲಿ 0 ಬರೆದರೆ 01101000. ದೊಡ್ಡ H ನ ನಂಬರ್ 72, ಅಂದರೆ 32ರ ನೋಟು ಒಂದನ್ನು ತೆಗೆದರೆ ಸಾಕು, 01001000. ಆಸ್ಕಿಯಲ್ಲಿ ಚಿಕ್ಕಕ್ಷರ ದೊಡ್ಡಕ್ಷರಗಳ ನಡುವೆ ಇರೋದು ಆ ಒಂದೇ ಬಿಟ್. ಪಟ್ಟಿ ಮಾಡಿದವರು ಜಾಣರು, ಒಪ್ಪಬೇಕು.

ಹೀಗೆ ಐದು ಅಕ್ಷರಕ್ಕೆ ಐದು ಬೈಟ್. ಲಿನಕ್ಸ್ ಲ್ಯಾಬಿನಲ್ಲಿ ನೀವೇ ನೋಡಬಹುದು. `xxd` ಈ ಬೈಟ್‌ಗಳನ್ನು ಹೆಕ್ಸ್‌ನಲ್ಲಿ ತೋರಿಸುತ್ತೆ, 104 ಅಲ್ಲಿ 68 ಆಗಿ ಕಾಣುತ್ತೆ. `printf` ಬದಲು `echo` ಕೊಟ್ಟರೆ ಕೊನೆಗೊಂದು `0a` ಜಾಸ್ತಿ ಬರುತ್ತೆ. ಅದು ಸಾಲು ಮುಗಿದ ಗುರುತು, ಗಾಬರಿ ಬೇಡ.

```
$ printf 'hello' | xxd -p
68656c6c6f
$ printf 'ಹಲೋ' | xxd -p
e0b2b9e0b2b2e0b38b
```

ನಮ್ಮ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಮೊದಲನೇ ಕಮಾಂಡಿನ ತನಕ ಎಲ್ಲಾ ಇದೆ, ವೈವಾದಲ್ಲೂ ಕೇಳ್ತಾರೆ. ಎರಡನೆಯದು ಎಲ್ಲೂ ಇಲ್ಲ. ನಮ್ಮ ತಕರಾರು ಇರೋದೇ ಅಲ್ಲಿ. ಫೋನ್ ಎತ್ತಿದ ತಕ್ಷಣ ಪೀಣ್ಯದ ಲೇತ್ ಆಪರೇಟರ್‌ನಿಂದ ಹಿಡಿದು ವೈಟ್‌ಫೀಲ್ಡಿನ ಮ್ಯಾನೇಜರ್ ತನಕ ಎಲ್ಲರೂ ಹೇಳೋ ಪದ ‘ಹಲೋ’. ಕಿವಿಗೆ ಎರಡೇ ಅಕ್ಷರ. ಒಂಬತ್ತು ಬೈಟ್ ಎಲ್ಲಿಂದ ಬಂತು?

ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ U+0C80 ಯಿಂದ U+0CFF ತನಕ 128 ಮನೆ ಕೊಟ್ಟಿದ್ದಾರೆ. ನಾವು ಒಂದು ಅಕ್ಷರ ಅನ್ನೋದು ಅಲ್ಲಿ ಒಂದೇ ಮನೆಯಲ್ಲಿ ಇರಬೇಕು ಅಂತೇನಿಲ್ಲ. ಹ ಗೆ ಒಂದು ನಂಬರ್, ಲ ಗೆ ಒಂದು, ಓ ಸ್ವರದ ಚಿಹ್ನೆಗೆ ಬೇರೆಯೇ ಒಂದು. ಹೀಗೆ ‘ಹಲೋ’ದಲ್ಲಿ ಮೂರು ಚಿಹ್ನೆ. ‘ಸ್ತ್ರೀ’ ಅಂತ ಬರೆದರೆ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿಗೆ ಆರು ಚಿಹ್ನೆ: ಸ, ವಿರಾಮ, ತ, ವಿರಾಮ, ರ, ಈ ಸ್ವರದ ಚಿಹ್ನೆ. ವಿರಾಮ ಅಂದರೆ ಹಲಂತದ ಗುರುತು, ಒತ್ತಕ್ಷರ ಹುಟ್ಟೋದು ಅದರಿಂದಲೇ.

ಹ ದ ನಂಬರ್ ಹೆಕ್ಸ್‌ನಲ್ಲಿ 0CB9, ನಮ್ಮ ಲೆಕ್ಕದಲ್ಲಿ 3257. ಒಂದು ಬೈಟಿಗೆ 255ರ ಮಿತಿ ಇರೋದರಿಂದ ಹಿಡಿಸಲ್ಲ. ಎರಡು ಬೈಟಿನಲ್ಲಿ 65,535ರ ತನಕ ಹಿಡಿಸುತ್ತಲ್ಲ, ಮೂರು ಯಾಕೆ ಅಂತ ಕೇಳಬಹುದು. ಕಾರಣ, ಯುಟಿಎಫ್-8 ಅನ್ನೋ ಕ್ರಮದಲ್ಲಿ ಪ್ರತಿ ಬೈಟಿನ ಮೊದಲ ಕೆಲವು ಬಿಟ್‌ಗಳು ಬೋರ್ಡಿನ ಹಾಗೆ. 0 ಯಿಂದ ಶುರುವಾದರೆ ಹಳೇ ಆಸ್ಕಿ ಅಕ್ಷರ. 110 ಅಂದರೆ ಎರಡು ಬೈಟಿನ ಗುಂಪಿನ ಮೊದಲನೆಯದು, 1110 ಅಂದರೆ ಮೂರು ಬೈಟಿನ ಗುಂಪಿನ ಮೊದಲನೆಯದು. 10 ಅಂದರೆ ‘ನಾನು ಹಿಂದಿನವನ ಬಾಲ’. ಈ ಬೋರ್ಡುಗಳನ್ನು ಕಳೆದರೆ ಎರಡು ಬೈಟಿನಲ್ಲಿ ಉಳಿಯೋದು 11 ಬಿಟ್, ಅಂದರೆ 2047ರ ತನಕ ಮಾತ್ರ. 3257 ಅದನ್ನು ದಾಟಿದೆ. ಹಾಗಾಗಿ ಮೂರು ಬೈಟ್, 16 ಬಿಟ್ ಜಾಗ. 0CB9 ಅನ್ನು 16 ಬಿಟ್ಟಿನಲ್ಲಿ ಬರೆದು 4, 6, 6 ಆಗಿ ಮುರಿದು ಬೋರ್ಡಿನ ಪಕ್ಕ ಕೂರಿಸಿ:

```
0CB9 =      0000   110010   111001
       1110 0000 10110010 10111001
          E0        B2       B9
```

ಕನ್ನಡದ ಅಷ್ಟೂ ಮನೆಗಳು 2047ರ ಆಚೆ ಇರೋದರಿಂದ ನಮ್ಮ ಪ್ರತಿ ಚಿಹ್ನೆಗೂ ಮೂರು ಬೈಟ್. ಮೂರು ಮೂರಲ ಒಂಬತ್ತು. ಹೆಕ್ಸ್ ನೋಡುವಾಗ `e0b2` ಅಥವಾ `e0b3` ಪದೇ ಪದೇ ಕಂಡರೆ ಅದು ಕನ್ನಡ ಅಂತ ಕಣ್ಣಿಗೇ ಗೊತ್ತಾಗುತ್ತೆ. ‘ಮೂರು ಪಟ್ಟು ಜಾಗ ವೇಸ್ಟ್’ ಅಂತ ಕೊರಗೋ ಗೆಳೆಯರಿಗೆ ಒಂದೇ ಮಾತು: ನಿಮ್ಮ ಫೋನಿನ ಒಂದು ಸೆಲ್ಫಿಯ ಜಾಗದಲ್ಲಿ ಇಡೀ ಕಾದಂಬರಿ ಕೂರುತ್ತೆ.

ಈಗ ಪ್ರಮಾಣಪತ್ರದ ಕಥೆಗೆ ಬರೋಣ. ಒಂದು ಫೈಲಿನಲ್ಲಿ ಒಬ್ಬೊಬ್ಬರಿಗೆ ಎರಡೆರಡು ಸಾಲು, ಮೊದಲು ಹೆಸರು, ಆಮೇಲೆ ವಿಭಾಗ. ಓದೋಕೆ ಲ್ಯಾಬಿನಲ್ಲಿ ಕಲಿತದ್ದನ್ನೇ ಬರೆದಿದ್ವಿ:

```
char name[20], branch[20];
fgets(name, 20, stdin);
fgets(branch, 20, stdin);
```

ಪರೀಕ್ಷೆ ಮಾಡಿದ್ದು ಇಂಗ್ಲಿಷ್ ಹೆಸರುಗಳಲ್ಲಿ. `Vishwanath` ಹತ್ತು ಬೈಟ್, ಆರಾಮಾಗಿ ಹಿಡೀತು. ಕಾರ್ಯಕ್ರಮ ರಾಜ್ಯೋತ್ಸವದ್ದು ಅಂತ ಕೊನೇ ದಿನ ಹೆಸರುಗಳನ್ನೆಲ್ಲ ಕನ್ನಡಕ್ಕೆ ಬದಲಾಯಿಸಿದ್ವಿ. ‘ವಿಶ್ವನಾಥ’ ಅಂದರೆ ವ, ಇ ಸ್ವರದ ಚಿಹ್ನೆ, ಶ, ವಿರಾಮ, ವ, ನ, ಆ ಸ್ವರದ ಚಿಹ್ನೆ, ಥ. ಎಂಟು ಚಿಹ್ನೆ, 24 ಬೈಟ್. `fgets` ಕೊನೆಯ ಸೊನ್ನೆಗೆ ಒಂದು ಜಾಗ ಬಿಟ್ಟು 19 ಬೈಟ್ ಮಾತ್ರ ತಗೊಳ್ಳುತ್ತೆ. ಆರು ಚಿಹ್ನೆಗೆ 18 ಮುಗೀತು. ಹತ್ತೊಂಬತ್ತನೆಯದು ಆ ಸ್ವರದ ಚಿಹ್ನೆಯ ಮೊದಲ ಬೈಟ್ `E0`. ‘ಇನ್ನೆರಡು ಬರ್ತಾರೆ, ಕಾಯಿರಿ’ ಅಂತ ಬೋರ್ಡ್ ಹಿಡಿದು ಅದು ಒಂಟಿಯಾಗಿ ನಿಂತುಬಿಡ್ತು. ಅಚ್ಚಾದದ್ದು ‘ವಿಶ್ವನ�’.

ಆ ಪ್ರಶ್ನೆಚಿಹ್ನೆಯ ವಜ್ರ ಕಂಡರೆ ಅರ್ಥ ಇಷ್ಟೇ: ಇಲ್ಲಿ ಬೈಟ್‌ಗಳ ಗುಂಪು ಮುರಿದಿದೆ. ಆದರೆ ಉಳಿದ ಐದು ಬೈಟ್ ಎಲ್ಲೂ ಹೋಗಿರಲಿಲ್ಲ. ಸರತಿಯಲ್ಲೇ ನಿಂತಿದ್ದವು. ಎರಡನೇ `fgets` ಅವನ್ನೇ ಎತ್ತಿಕೊಂಡು ವಿಶ್ವನಾಥನ ವಿಭಾಗದಲ್ಲಿ ‘��ಥ’ ಅಂತ ತುಂಬಿತು. ಅವನ ನಿಜವಾದ ವಿಭಾಗ ‘ECE’ ಮುಂದಿನವಳ ಹೆಸರಾಯ್ತು, ಅವಳ ಹೆಸರು ‘ರಮ್ಯ’ ವಿಭಾಗವಾಯ್ತು. ಅಲ್ಲಿಂದ ಎಲ್ಲರೂ ಒಂದೊಂದು ಸಾಲು ಜಾರಿದರು. ಸ್ವಲ್ಪ ದೂರದಲ್ಲಿ ಶ್ರೀನಿವಾಸ ಬಂದ, 27 ಬೈಟ್. ಅವನ ಹೆಸರೂ ಎರಡಾಗಿ ಒಡೆದು ಇನ್ನೊಂದು ಸಾಲು ಜಾರಿತು. ಎರಡು ಸಲ ಜಾರಿದ್ದರಿಂದ ಮುಂದಿನ ಹೆಸರುಗಳೆಲ್ಲ ಮತ್ತೆ ಸರಿಯಾದ ಜಾಗಕ್ಕೆ ಬಂದು ಕೂತವು! ಪ್ರಿಂಟಿಗೆ ಕಳಿಸೋ ಮುಂಚೆ ನಾವು ನೋಡಿದ್ದು ಮೊದಲ ಐದು, ಕೊನೇ ಐದು. ಎಲ್ಲಾ ಚೆನ್ನಾಗಿಯೇ ಇದ್ದವು. ತಪ್ಪುಗಳೆಲ್ಲ ನಡುವೆ ಕೂತಿದ್ದವು.

‘20ನ್ನು 200 ಮಾಡಿದ್ರೆ ಮುಗೀತಲ್ಲ’ ಅಂತ ನಮ್ಮಲ್ಲೇ ಒಬ್ಬರು ಹೇಳಿದರು. ಆವತ್ತಿಗೆ ಮುಗೀತು, ನಿಜ. ಆದರೆ ಎಷ್ಟು ದೊಡ್ಡದು ಮಾಡಿದರೂ ಮಿತಿ ಅನ್ನೋದು ಬೈಟಿನ ಲೆಕ್ಕ, ಹೆಸರು ಬರೆಯುವವರದು ಅಕ್ಷರದ ಲೆಕ್ಕ. ಕನಿಷ್ಠ ಎರಡು ಕೆಲಸ ಮಾಡಬೇಕಿತ್ತು. `fgets` ಆದ ಮೇಲೆ ಸಾಲಿನ ಕೊನೆಯ ಗುರುತು ಬಂತಾ ಅಂತ ನೋಡೋದು. ಬರದೇ ಇದ್ದರೆ ಸಾಲು ತುಂಡಾಗಿದೆ, ಅಲ್ಲೇ ನಿಲ್ಲಿಸಿ ಕೂಗಬೇಕು. ಇನ್ನೊಂದು, ಕತ್ತರಿಸಲೇಬೇಕಾದರೆ ಬಿಟ್ಟು ಹೋಗುವ ಮೊದಲ ಬೈಟ್ 10 ಬೋರ್ಡಿನದಾ ಅಂತ ನೋಡಿ, ಹೌದಾದರೆ ಗುಂಪಿನ ಆರಂಭದ ತನಕ ಹಿಂದೆ ಸರಿಯೋದು. ಇದರಿಂದ ವಜ್ರ ಮಾಯವಾಗುತ್ತೆ, ಹೆಸರು ಉಳಿಯುತ್ತೆ ಅಂತಲ್ಲ. ‘ವಿಶ್ವನ’ ಅನ್ನೋದು ಸರಿಯಾದ ಯುಟಿಎಫ್-8, ತಪ್ಪಾದ ಮನುಷ್ಯ.

ಇದೇ ಓಡಾಟದಲ್ಲಿ ಪೀಣ್ಯದ ಒಂದು ಡಿಟಿಪಿ ಅಂಗಡಿಯಲ್ಲಿ ಇನ್ನೊಂದು ಬಗೆಯ ಗೊಂದಲವನ್ನೂ ನೋಡಿದ್ವಿ. ಅವರ ಹಳೇ ನುಡಿ ಫೈಲನ್ನು ನಮ್ಮ ಲ್ಯಾಪ್‌ಟಾಪಲ್ಲಿ ತೆರೆದರೆ ‘ಕನ್ನಡ’ ಇದ್ದ ಕಡೆ `PÀ£ÀßqÀ`. ಅಲ್ಲಿ ಬೈಟ್ ಒಂದೂ ಕಳೆದಿಲ್ಲ. ಯೂನಿಕೋಡಿಗೆ ಮುಂಚಿನ ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳ ತುಂಡುಗಳನ್ನು P, q ಗಳ ನಂಬರಿನ ಮೇಲೆ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇದು. ಪಟ್ಟಿ ಬದಲಾದರೆ ಅದೇ ನಂಬರ್ ಬೇರೆ ಅಕ್ಷರ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನಮಗೆ ಯಾವ ಕ್ಲಾಸಲ್ಲೂ ಸಿಕ್ಕಿಲ್ಲ.

ನಾವು ಕೇಳ್ತಿರೋದು ಸಣ್ಣದು. ಮೊದಲ ಸೆಮಿಸ್ಟರಿನ ಲ್ಯಾಬ್ ಶೀಟಿನಲ್ಲಿ `strlen("hello")` ಕೆಳಗೆ `strlen("ಹಲೋ")` ಅಂತ ಒಂದು ಸಾಲು ಸೇರಲಿ. ಐದು ಬಂದದ್ದು ಯಾಕೆ, ಒಂಬತ್ತು ಬಂದದ್ದು ಯಾಕೆ ಅಂತ ವೈವಾದಲ್ಲಿ ಕೇಳಲಿ. `char` ಅಂದರೆ ಅಕ್ಷರ ಅಂತ ರೆಕಾರ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಂಡು ಬಂದವರು ನಾವು; ಅದು ಬರೀ ಒಂದು ಬೈಟ್ ಅಂತ ತಿಳಿಯೋಕೆ ರಮ್ಯ ಸಭೆಯಲ್ಲಿ ವಿಭಾಗ ಆಗಬೇಕಾಯ್ತು.

ಎಲ್ಲರಿಗೂ ಹೊಸ ಪ್ರಮಾಣಪತ್ರ ಕೊಟ್ಟಿದ್ದೀವಿ. ಹಳೇದನ್ನು ವಾಪಸ್ ಕೊಡಿ ಅಂದರೆ ವಿಶ್ವನಾಥ ಒಪ್ಪಲಿಲ್ಲ. ಅದು ಈಗಲೂ ಹಾಸ್ಟೆಲಿನಲ್ಲಿ ಅವನ ರೂಮಿನ ಬಾಗಿಲಿಗೆ ಅಂಟಿಕೊಂಡಿದೆ, ವಜ್ರ ಹೊರಗೆ ಕಾಣೋ ಹಾಗೆ.