‘ಔಟ್‌ಪುಟ್ ಏನು?’ ಎಂದು ಕೇಳುವ ಮುನ್ನ

ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆ ಹೊರಡುವ 335ಇ ಬಸ್ಸಿನಲ್ಲಿ ಒಮ್ಮೆ ಸುತ್ತ ಕಣ್ಣಾಡಿಸಿ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಮಾರ್ಕ್ಸ್ ಕಾರ್ಡಿನ ಫೈಲು, ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ಯಾರೋ ಸೀನಿಯರ್ ಕಳಿಸಿದ ಪ್ರಶ್ನೆಗಳ ಪಿಡಿಎಫ್. ನಾಲ್ಕು ಸಾಲಿನ ಪ್ರೋಗ್ರಾಂ, ಕೆಳಗೆ ‘ಔಟ್‌ಪುಟ್ ಏನು?’, ಅದರ ಕೆಳಗೆ ನಾಲ್ಕು ಆಯ್ಕೆ. ವಾಕ್‌ಇನ್‌ಗೆ ಹೋಗುವ ನಮ್ಮಂಥ ಫ್ರೆಶರ್‌ಗಳ ಮೊದಲ ಬಾಗಿಲು ಇದೇ. ಒಂದೋ ಎರಡೋ ಅಂಕ ಕಡಿಮೆಯಾದರೆ ಇಂಟರ್‌ವ್ಯೂ ಮಾಡುವವರ ಮುಖವನ್ನೂ ನೋಡದೆ ವಾಪಸ್ ಬರಬೇಕು.

ಇಂಥ ಪ್ರಶ್ನೆಗಳನ್ನೇ ತೆಗೆದುಹಾಕಬೇಕು, ಕೆಲಸದಲ್ಲಿ ಯಾರೂ ಹೀಗೆ ಕೋಡ್ ಬರೆಯುವುದಿಲ್ಲ ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಎರಡು ವರ್ಷದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಅರ್ಧ ಮಾತ್ರ ಒಪ್ಪುತ್ತೇನೆ. ಪೂರ್ಣಾಂಕ ಭಾಗಾಕಾರದ ಪ್ರಶ್ನೆಗಳು ಇರಲೇಬೇಕು. ಆದರೆ ಅದೇ ಪೇಪರಿನಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳೂ ನುಸುಳಿಕೊಂಡಿವೆ, ಹೋಗಬೇಕಾದ್ದು ಅವು.

ಮೊದಲು ಒಳ್ಳೆಯ ಪ್ರಶ್ನೆಯ ಮಾದರಿ ನೋಡೋಣ.

```c
int a = 5 / 2 * 2;
int b = 2 * 5 / 2;
printf("%d %d", a, b);
```

ಲೆಕ್ಕದ ಪುಸ್ತಕದ ಪ್ರಕಾರ ಎರಡೂ 5. ಹಾಗಾಗಿ ‘5 5’ ಎಂಬ ಆಯ್ಕೆ ಇದ್ದೇ ಇರುತ್ತದೆ. ಸಿ ಭಾಷೆಯಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ದಶಮಾಂಶ ಉದುರಿಹೋಗುತ್ತದೆ ಎಂದು ಗೊತ್ತಿದ್ದವರು ಎಚ್ಚರವಾಗುತ್ತಾರೆ. ಮೊದಲ ಸಾಲಿನಲ್ಲಿ 5ನ್ನು 2ರಿಂದ ಭಾಗಿಸಿದರೆ 2, ಅದನ್ನು 2ರಿಂದ ಗುಣಿಸಿದರೆ 4. ಇಲ್ಲಿಯವರೆಗೆ ಸರಿ. ಎರಡನೇ ಸಾಲಿನಲ್ಲಿ ಬಹಳ ಜನ ಎಡವುವುದು ಹೈಸ್ಕೂಲಿನ ಬೋಡ್‌ಮಾಸ್‌ನಿಂದ. ಡಿ ಮೊದಲು, ಎಂ ಆಮೇಲೆ ಎಂದು ಬಾಯಿಪಾಠ ಮಾಡಿದವರು ಮೊದಲು 5/2 ಮಾಡಿ 2 ಎನ್ನುತ್ತಾರೆ, ಗುಣಿಸಿ 4 ಎನ್ನುತ್ತಾರೆ, ‘4 4’ಕ್ಕೆ ಗುರುತು ಹಾಕುತ್ತಾರೆ. ನಿಜವಾದ ಉತ್ತರ ‘4 5’. ಸಿ ಭಾಷೆಯಲ್ಲಿ ಗುಣಾಕಾರ, ಭಾಗಾಕಾರ, ಶೇಷ ಮೂರಕ್ಕೂ ಒಂದೇ ದರ್ಜೆ. ಒಂದೇ ದರ್ಜೆಯವು ಪಕ್ಕಪಕ್ಕ ಬಂದರೆ ಎಡದಿಂದ ಬಲಕ್ಕೆ ನಡೆಯುತ್ತವೆ. ಆದ್ದರಿಂದ ಮೊದಲು 10, ಆಮೇಲೆ 5.

ಇದರಲ್ಲಿ ನನಗೆ ಇಷ್ಟವಾದ ವಿಷಯವೊಂದಿದೆ. ಭಾಗಾಕಾರವೇ ಮೊದಲು ಎಂದು ತಪ್ಪು ತಿಳಿದುಕೊಂಡವರಿಗೆ ಶಾಲೆಯಲ್ಲಿ ಅಂಕ ಹೋಗಿರುವುದಿಲ್ಲ. ದಶಮಾಂಶ ಉಳಿಯುವ ಲೆಕ್ಕದಲ್ಲಿ 2ನ್ನು 2.5ರಿಂದ ಗುಣಿಸಿದರೂ 5, 10ನ್ನು 2ರಿಂದ ಭಾಗಿಸಿದರೂ 5. ತಪ್ಪು ದಾರಿಯಲ್ಲಿ ಹೋದರೂ ಊರು ಸಿಗುತ್ತದೆ. ಹತ್ತು ವರ್ಷ ಹೀಗೆ ಅಡಗಿ ಕೂತ ತಪ್ಪು ಪೂರ್ಣಾಂಕ ಭಾಗಾಕಾರದ ಎದುರು ಬಯಲಾಗುತ್ತದೆ. (ಎ ಮೊದಲು, ಎಸ್ ಆಮೇಲೆ ಎಂದುಕೊಂಡವರು ಮಾತ್ರ 10-3+2ರಲ್ಲಿ 5 ಬರೆದು ಮೇಷ್ಟರ ಕೈಗೆ ಆಗಲೇ ಸಿಕ್ಕಿಬಿದ್ದಿರುತ್ತಾರೆ.)

ಇದೆಲ್ಲ ಪರೀಕ್ಷೆಯ ಕಸರತ್ತು ಅಷ್ಟೇ ಎಂದುಕೊಂಡಿದ್ದ ನನ್ನ ಅಭಿಪ್ರಾಯ ಬದಲಾದದ್ದು ಪೀಣ್ಯದಲ್ಲಿ. ನಮ್ಮ ಚಿಕ್ಕಪ್ಪ ಅಲ್ಲಿನ ಎರಡನೇ ಹಂತದ ಒಂದು ಸಣ್ಣ ಟರ್ನಿಂಗ್ ಶಾಪಿನಲ್ಲಿ ಸೂಪರ್‌ವೈಸರ್. ಮೆಷಿನ್ನಿನಿಂದ ಬಂದ ಪೀಸ್ ಎಷ್ಟು, ಅದರಲ್ಲಿ ಗೇಜಿಗೆ ಪಾಸಾದದ್ದು ಎಷ್ಟು ಎಂದು ಎಣಿಸಿ ಶೇಕಡಾವಾರು ತೋರಿಸಲು ಅಲ್ಲಿನ ಹುಡುಗನೊಬ್ಬ ಆರ್ಡುಯಿನೋ ಉನೋ ಬೋರ್ಡಿಗೆ ಸೆನ್ಸರ್ ಜೋಡಿಸಿ ಪುಟ್ಟ ಡಿಸ್‌ಪ್ಲೇ ಕೂರಿಸಿದ್ದ. “ಏನೋ ಮಗಾ, ನೀನು ಕಂಪ್ಯೂಟರ್ ಓದಿದವನು. ನಮ್ಮ ಡಬ್ಬ ಬೆಳಿಗ್ಗೆ ನೂರು ಅನ್ನುತ್ತೆ, ಒಂದು ಪೀಸ್ ರಿಜೆಕ್ಟ್ ಆದ ತಕ್ಷಣ ಸೊನ್ನೆ ಅನ್ನುತ್ತೆ. ಆಮೇಲೆ ಸಂಜೆವರೆಗೂ ಸೊನ್ನೆನೇ. ಸೆನ್ಸರ್ ಬದಲಾಯಿಸಿದ್ದೂ ಆಯ್ತು” ಎಂದರು ಚಿಕ್ಕಪ್ಪ. ಹೋಗಿ ನೋಡಿದರೆ ಸೆನ್ಸರ್ ನೆಟ್ಟಗಿತ್ತು. ಸಾಲು ಇದು:

```c
float p = ok / total * 100;
```

`ok`, `total` ಎರಡೂ `int`. ಎಲ್ಲ ಪೀಸೂ ಪಾಸಾಗಿರುವವರೆಗೆ ಭಾಗಲಬ್ಧ 1, ನೂರರಿಂದ ಗುಣಿಸಿ 100. ಒಂದೇ ಒಂದು ರಿಜೆಕ್ಟ್ ಆದರೂ ಭಾಗಲಬ್ಧ 0, ಅದನ್ನು ನೂರರಿಂದ ಗುಣಿಸಿದರೂ 0. ಫಲಿತಾಂಶ ಇಡಲು `float` ಬರೆದಿದ್ದೇನಲ್ಲ ಎಂಬುದು ಆ ಹುಡುಗನ ಪ್ರಶ್ನೆ. ಎಡಗಡೆಯ `float` ಕೆಲಸಕ್ಕೆ ಬರುವುದು ಬಲಗಡೆಯ ಲೆಕ್ಕವೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ದಶಮಾಂಶ ಚೆಲ್ಲಿಹೋಗಿರುತ್ತದೆ. ಖಾಲಿ ಕೊಡಕ್ಕೆ ಎಷ್ಟು ದೊಡ್ಡ ಮುಚ್ಚಳ ಇಟ್ಟರೇನು?

ಪರೀಕ್ಷೆಗೆ ಓದಿದ್ದ ಧೈರ್ಯದಲ್ಲಿ ನಾನು ಗುಣಾಕಾರವನ್ನು ಮುಂದಕ್ಕೆ ತಂದು `ok * 100 / total` ಎಂದು ಬದಲಿಸಿದೆ. ಲ್ಯಾಪ್‌ಟಾಪಿನಲ್ಲಿ ನಾನಾ ಸಂಖ್ಯೆ ಕೊಟ್ಟು ನೋಡಿದೆ, ಎಲ್ಲ ಸರಿ. ಚಿಕ್ಕಪ್ಪ ಟೀ ಕುಡಿಸಿ ಕಳಿಸಿದರು. ಮರುದಿನ ಮಧ್ಯಾಹ್ನ ಫೋನು. ಊಟದ ಹೊತ್ತಿನ ತನಕ 93 ತೋರಿಸುತ್ತಿದ್ದ ಡಿಸ್‌ಪ್ಲೇ ಈಗ ಮೈನಸ್ 93 ತೋರಿಸುತ್ತಿದೆಯಂತೆ!

ಆ ಬೋರ್ಡಿನಲ್ಲಿ `int` 16 ಬಿಟ್. ಅದು ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. 349 ಪೀಸಿಗೆ 327 ಪಾಸಾಗಿದ್ದಾಗ 327ನ್ನು ನೂರರಿಂದ ಗುಣಿಸಿದರೆ 32700, ಅಳತೆಯೊಳಗೇ ಇದೆ, ಭಾಗಿಸಿದರೆ 93. ಮುಂದಿನ ಪೀಸೂ ಪಾಸಾಯಿತು. 328ನ್ನು ನೂರರಿಂದ ಗುಣಿಸಿದರೆ 32800, ಮಿತಿ ದಾಟಿತು. ಹೀಗೆ ಉಕ್ಕಿದಾಗ ಏನಾಗಬೇಕೆಂದು ಸಿ ಭಾಷೆ ಹೇಳುವುದಿಲ್ಲ. ಆ ಬೋರ್ಡಿನಲ್ಲಿ ಆದದ್ದು ಮಾತ್ರ ಹೀಗೆ: ಸಂಖ್ಯೆ ಸುತ್ತಿ ಬಂದು 65536 ಕಡಿಮೆಯಾಗಿ -32736 ಆಯಿತು. ಅದನ್ನು 350ರಿಂದ ಭಾಗಿಸಿ ದಶಮಾಂಶ ಉದುರಿಸಿದರೆ -93. ನನ್ನ ಲ್ಯಾಪ್‌ಟಾಪಿನಲ್ಲಿ `int` 32 ಬಿಟ್ ಇದ್ದದ್ದರಿಂದ ಅಲ್ಲಿ ಇದು ಕಾಣಿಸುವ ಹಾಗೇ ಇರಲಿಲ್ಲ. ಕೊನೆಗೆ ನಿಂತ ಸಾಲು ಇದು:

```c
long p = 0;
if (total > 0)
    p = 100L * ok / total;
```

`100L` ಬರೆದದ್ದರಿಂದ ಗುಣಾಕಾರವೇ 32 ಬಿಟ್ಟಿನ `long`ನಲ್ಲಿ ನಡೆಯುತ್ತದೆ. ಎಡಗಡೆ `long p` ಎಂದಷ್ಟೇ ಬರೆದು ಬಲಗಡೆ ಹಳೆಯ ಸಾಲನ್ನೇ ಬಿಟ್ಟಿದ್ದರೆ ಮತ್ತೆ ಮೈನಸ್ಸೇ ಬರುತ್ತಿತ್ತು, ಅದೇ ಮುಚ್ಚಳದ ಕಥೆ. `if` ಸಾಲು ಏಕೆಂದರೆ ಶಿಫ್ಟ್ ಶುರುವಾಗುವಾಗ `total` ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ.

ಈ ಎರಡು ದಿನ ಕಳೆದ ಮೇಲೆ `5 / 2 * 2` ಕೇಳುವವರ ಮೇಲಿನ ಸಿಟ್ಟು ನನಗೆ ಹೋಯಿತು. ಈಗ ಸಿಟ್ಟು ಉಳಿದಿರುವುದು ಇನ್ನೊಂದು ಬಗೆಯ ಪ್ರಶ್ನೆಯ ಮೇಲೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಪರೀಕ್ಷೆಯಲ್ಲಿ, ‘ಸಿ ಪ್ರೋಗ್ರಾಮಿಂಗ್’ ಎಂಬ ತಲೆಬರಹದಡಿ ಇದು ಬಂದಿತ್ತು:

```c
int i = 5;
printf("%d", i++ + ++i);
```

ಆಯ್ಕೆಗಳು 10, 11, 12, 13. ಸಿ ಭಾಷೆಯಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಕಷ್ಟ ಎಂದಲ್ಲ, ಇಲ್ಲವೇ ಇಲ್ಲ. ದರ್ಜೆಯ ಪಟ್ಟಿ ಹೇಳುವುದು ಯಾವ ಚಿಹ್ನೆ ಯಾವ ಸಂಖ್ಯೆಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಮಾತ್ರ. ಕೂಡುವ ಚಿಹ್ನೆಯ ಎಡ ಬಲಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕಬೇಕು, `i`ಗೆ ಹೊಸ ಬೆಲೆಯನ್ನು ಯಾವಾಗ ಬರೆಯಬೇಕು ಎಂದು ಅದು ಹೇಳುವುದಿಲ್ಲ. ಒಂದೇ ಲೆಕ್ಕದೊಳಗೆ ಒಂದೇ `i`ಯನ್ನು ಹೀಗೆ ಎರಡು ಸಲ ಬದಲಿಸಿದರೆ ಫಲಿತಾಂಶಕ್ಕೆ ಯಾವ ಖಾತರಿಯೂ ಇಲ್ಲ ಎಂದು ಭಾಷೆಯ ನಿಯಮವೇ ಹೇಳುತ್ತದೆ. ಜಾವಾದಲ್ಲಿ ಎಡದಿಂದ ಬಲಕ್ಕೆ ಎಂಬ ನಿಯಮ ಇರುವುದರಿಂದ 5 ಕೂಡಿಸು 7, ಉತ್ತರ 12. ಪ್ರಶ್ನೆ ತಯಾರಿಸಿದವರು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ, ಬಂದ ಸಂಖ್ಯೆಯನ್ನೇ ಕೀ ಉತ್ತರ ಎಂದು ಬರೆದಿರಬೇಕು. ಅದೇ ಪ್ರೋಗ್ರಾಮನ್ನು `gcc -Wall` ಕೊಟ್ಟು ಕಂಪೈಲ್ ಮಾಡಿದ್ದರೆ ಈ ಎಚ್ಚರಿಕೆ ಅವರ ಕಣ್ಣಿಗೆ ಬೀಳುತ್ತಿತ್ತು:

```
warning: operation on 'i' may be undefined [-Wsequence-point]
```

ಪಿಡಿಎಫ್‌ನಲ್ಲಿ ಸಿಗುವ ಯಾವುದೇ ಪ್ರಶ್ನೆಗೆ ಈ ಪರೀಕ್ಷೆ ನೀವೂ ಮಾಡಬಹುದು. ಈ ಸಾಲು ಬಂತೆಂದರೆ ಆ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಪರೀಕ್ಷಾ ಹಾಲಿನಲ್ಲಿ ಆ ಸೌಲಭ್ಯ ಇಲ್ಲವಲ್ಲ. ನಾನು ಅಂದು ಯಾವುದಕ್ಕೂ ಗುರುತು ಹಾಕದೆ ಎದ್ದು ಬಂದೆ. ಪಕ್ಕದವನು 12 ಎಂದು ಬಾಯಿಪಾಠ ಮಾಡಿದ್ದ, ಹಾಕಿದ. ಭಾಷೆಯ ನಿಯಮ ಗೊತ್ತಿದ್ದವನಿಗೆ ಸೊನ್ನೆ, ಗೊತ್ತಿಲ್ಲದವನಿಗೆ ಒಂದು ಅಂಕ. ಕಟ್‌ಆಫ್ ಪಟ್ಟಿಯಲ್ಲಿ ಈ ಒಂದು ಅಂಕಕ್ಕೆ ಕಾರಣ ಏನೆಂದು ಯಾರೂ ಬರೆದಿಡುವುದಿಲ್ಲ.

ಇನ್ನು ಕೆಲವು ಪೇಪರುಗಳಲ್ಲಿ ಭಾಷೆಯ ಹೆಸರೇ ಇರುವುದಿಲ್ಲ. -7ನ್ನು 2ರಿಂದ ಭಾಗಿಸಿದರೆ ಸಿ ಮತ್ತು ಜಾವಾ ಸೊನ್ನೆಯ ಕಡೆಗೆ ಕತ್ತರಿಸಿ -3 ಕೊಡುತ್ತವೆ. ಪೈಥಾನ್ 3ರಲ್ಲಿ `-7 / 2` ಎಂದರೆ -3.5, `-7 // 2` ಎಂದರೆ ಕೆಳಮುಖವಾಗಿ ಹೋಗಿ -4. ಸಿ ಭಾಷೆಯಲ್ಲೇ ಇದು ಖಚಿತವಾದದ್ದು 1999ರ ಆವೃತ್ತಿಯಲ್ಲಿ. ಅದಕ್ಕೂ ಮೊದಲು -3 ಕೊಡಬೇಕೋ -4 ಕೊಡಬೇಕೋ ಎಂಬುದನ್ನು ಕಂಪೈಲರ್ ಮಾಡುವವರಿಗೇ ಬಿಟ್ಟಿತ್ತು. ಈಗ ಕಾಲೇಜಿನಲ್ಲಿ ಮೊದಲ ಭಾಷೆಯಾಗಿ ಪೈಥಾನ್ ಕಲಿತು ಬರುವವರು ಬೇಕಾದಷ್ಟು ಜನ ಇದ್ದಾರೆ. ಅವರು -4 ಎಂದರೆ ಅದು ಅಜ್ಞಾನವಲ್ಲ, ಪ್ರಶ್ನೆಯೇ ಅರ್ಧ.

ಪೇಪರ್ ತೆಗೆಯುವವರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಭಾಷೆ ಯಾವುದು, `int` ಎಷ್ಟು ಬಿಟ್ ಎಂದು ಮೇಲೆ ಒಂದು ಸಾಲು ಬರೆಯಿರಿ. ಪ್ರತಿ ಪ್ರಶ್ನೆಯನ್ನೂ ಎಚ್ಚರಿಕೆಗಳನ್ನು ತೋರಿಸುವಂತೆ ಕಂಪೈಲ್ ಮಾಡಿ ನೋಡಿ, ಎಚ್ಚರಿಕೆ ಬಂದದ್ದನ್ನು ಕೈಬಿಡಿ. ಪ್ಲಸ್ ಪ್ಲಸ್‌ಗಳನ್ನು ಸರಪಳಿ ಮಾಡುವ ಬದಲು ಚಿಕ್ಕಪ್ಪನ ಡಬ್ಬದ ಸಾಲನ್ನು ಕೊಡಿ: `int` 16 ಬಿಟ್, ಮಿತಿ ಮೀರಿದರೆ ಸುತ್ತಿ ಬರುತ್ತದೆ, 350 ಪೀಸಿಗೆ 328 ಪಾಸು, ಡಿಸ್‌ಪ್ಲೇ ಏನು ತೋರಿಸುತ್ತದೆ? ನಾಲ್ಕು ಆಯ್ಕೆಗಳಲ್ಲಿ -93 ಒಂದು ಇದ್ದರೆ ಸಾಕು, ಉಳಿದದ್ದನ್ನು ನಾವು ಲೆಕ್ಕ ಹಾಕಿಕೊಳ್ಳುತ್ತೇವೆ.