ಅಜ್ಜನ ಕೋಟಿನ ಕಪ್ಪು ಮಾತ್ರ ಯಾಕೆ ಕೈಗೆ ಹತ್ತಿತು?

ಕಳೆದ ತಿಂಗಳು ನಮ್ಮಲ್ಲೊಬ್ಬರ ಮನೆಯಲ್ಲಿ ಅಜ್ಜನ ತಿಥಿಗೆ ಅಂತ ಒಂದು ಫೋಟೋ ಪ್ರಿಂಟ್ ಮಾಡಿದ್ವಿ. ಮನೆಯದೇ ಇಂಕ್‌ಜೆಟ್, ಹೊಳೆಯೋ ಫೋಟೋ ಪೇಪರ್. ಪೇಪರಿನ ಪ್ಯಾಕೆಟ್ ಮೇಲೆ ‘ತಕ್ಷಣ ಒಣಗುತ್ತದೆ’ ಅಂತ ದೊಡ್ಡದಾಗಿ ಬರೆದಿತ್ತು. ಅರ್ಧ ಗಂಟೆ ಬಿಟ್ಟು ಎತ್ತಿಕೊಂಡರೆ ಅಜ್ಜನ ಕರಿ ಕೋಟು ಹೆಬ್ಬೆರಳಿಗೆ ಬಂತು. ಆದರೆ ಅದೇ ಫೋಟೋದಲ್ಲಿದ್ದ ಕೆಂಪು ಶಾಲು, ಮುಖದ ಬಣ್ಣ ಒಂಚೂರೂ ಅಲುಗಿರಲಿಲ್ಲ.

ಮನೆಯಲ್ಲಿ ಎಲ್ಲರ ಮೊದಲ ತೀರ್ಪು ‘ಇಂಕೇ ಕಳಪೆ’ ಅಂತ. ನಾವು ಒಪ್ಪಲಿಲ್ಲ. ಇಂಕ್ ಕಳಪೆ ಆಗಿದ್ದರೆ ಎಲ್ಲ ಬಣ್ಣವೂ ಒರೆಸಿ ಹೋಗಬೇಕಿತ್ತು, ಅಲ್ವಾ?

ಇಂಥ ಎಷ್ಟೋ ಪ್ರಿಂಟರ್‌ಗಳಲ್ಲಿ ಎರಡು ಜಾತಿಯ ಇಂಕ್ ಇರುತ್ತೆ. ಬಣ್ಣದವು ಡೈ, ಅಂದರೆ ನೀರಲ್ಲಿ ಸಕ್ಕರೆ ಕರಗಿದ ಹಾಗೆ ಪೂರ್ತಿ ಕರಗಿರೋ ಬಣ್ಣ. ಅಕ್ಷರಗಳಿಗೆ ಅಂತ ಇಟ್ಟಿರೋ ಕಪ್ಪು ಮಾತ್ರ ಪಿಗ್ಮೆಂಟ್. ಅದು ಕರಗೋದಿಲ್ಲ, ಸುಮಾರು 100 ನ್ಯಾನೋಮೀಟರ್ ಗಾತ್ರದ ಕಣಗಳು ನೀರಲ್ಲಿ ತೇಲ್ತಾ ಇರುತ್ತವೆ. ಸಾದಾ ಕಾಗದದಲ್ಲಿ ನೀರನ್ನ ನಾರು ಹೀರಿಕೊಂಡು, ಕಣಗಳು ನಾರಿನ ಮಧ್ಯೆ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಅಕ್ಷರದ ಅಂಚು ಚೂಪಾಗಿ ಕಾಣೋದು.

ಹೊಳೆಯೋ ಪೇಪರಿನ ಮೇಲೆ ನಾರೇ ಸಿಗೋದಿಲ್ಲ, ಇರೋದು ಒಂದು ಲೇಪ. ನಮ್ಮ ಪೇಪರಿನದು ಸಿಲಿಕಾದಂಥ ಸಣ್ಣ ಕಣಗಳನ್ನ ಅಂಟಿನಲ್ಲಿ ಕೂರಿಸಿದ ರಂಧ್ರಗಳ ಲೇಪ. ರಂಧ್ರ ಎಷ್ಟು ಕಿರಿದು ಅಂದರೆ ಕರಗಿದ ಡೈ ಸೆಕೆಂಡುಗಳಲ್ಲಿ ಒಳಗೆ ಇಳಿಯುತ್ತೆ, ಪಿಗ್ಮೆಂಟ್ ಕಣ ಇಳಿಯಲ್ಲ. ಬಸ್ ತುಂಬಿದಾಗ ಫುಟ್‌ಬೋರ್ಡ್ ಮೇಲೆ ನಿಂತವರ ಹಾಗೆ ಹೊರಗೇ ಉಳಿಯುತ್ತೆ. ಫೋಟೋಗಾಗಿಯೇ ಮಾಡಿದ ಪಿಗ್ಮೆಂಟ್ ಇಂಕಿನಲ್ಲಿ ಕಣಗಳನ್ನ ಹಿಡಿದಿಡೋ ರಾಳ ಸೇರಿಸಿರುತ್ತಾರೆ. ಅಕ್ಷರದ ಕಪ್ಪು ಹೊಳೆಯೋ ಪೇಪರಿಗೆ ಅಂತ ಮಾಡಿದ್ದಲ್ಲ. ಎಷ್ಟು ಹೊತ್ತು ಕಾದರೂ ಅದು ಮಸಿಯ ಪುಡಿ ಹಾಗೆ ಮೇಲೇ ಕೂತಿರುತ್ತೆ.

ಹಾಗಾದ್ರೆ ಪ್ರಿಂಟರ್ ಅದನ್ನ ಯಾಕೆ ಬಳಸಿತು? ಸೆಟ್ಟಿಂಗ್ ತೆಗೆದು ನೋಡಿದ್ವಿ: ಪೇಪರಿನ ವಿಧ `Plain Paper` ಅಂತಲೇ ಇತ್ತು. ಹಿಂದಿನ ದಿನ ಮಕ್ಕಳ ಹೋಂವರ್ಕ್ ಪ್ರಿಂಟ್ ಆಗಿತ್ತು. `Photo Paper` ಅಂತ ಬದಲಾಯಿಸಿದ ಮೇಲೆ ಪ್ರಿಂಟರ್ ಪಿಗ್ಮೆಂಟ್ ಕಪ್ಪನ್ನ ಬಿಟ್ಟು, ಡೈಗಳಿಂದಲೇ ಕಪ್ಪು ಮಾಡಿತು. ಎರಡನೇ ಪ್ರಿಂಟ್ ಐದು ನಿಮಿಷಕ್ಕೆಲ್ಲ ಕೈಗೆ ಹತ್ತಲಿಲ್ಲ. ಒಂದು ವೇಳೆ ಕಪ್ಪಿನ ಜೊತೆ ಎಲ್ಲ ಬಣ್ಣವೂ ಹನಿಹನಿಯಾಗಿ ನಿಂತಿದ್ದರೆ, ಪೇಪರ್ ತಿರುಗಾಮುರುಗಾ ಹಾಕಿದ್ದೇವೋ ಅಂತ ಮೊದಲು ನೋಡ್ತಿದ್ವಿ. ಒದ್ದೆ ಬೆರಳನ್ನ ಮೂಲೆಗೆ ಒತ್ತಿದರೆ ಲೇಪ ಇರೋ ಕಡೆ ಸ್ವಲ್ಪ ಅಂಟುತ್ತೆ.

ಇಷ್ಟಕ್ಕೇ ಮುಗೀಲಿಲ್ಲ. ಅವತ್ತೇ ಸಂಜೆ ಗಾಜಿನ ಫ್ರೇಮಿಗೆ ಹಾಕಿಬಿಟ್ವಿ. ವಾರದಲ್ಲಿ ಗಾಜಿನ ಒಳಗಡೆ ಮಂಜು ಕಟ್ಟಿದ ಹಾಗೆ ಆಯ್ತು. ಇಂಕಿನಲ್ಲಿ ನೀರಿನ ಜೊತೆ ಗ್ಲಿಸರಿನ್, ಗ್ಲೈಕಾಲ್ ಥರದ ದ್ರವಗಳೂ ಇರುತ್ತವೆ, ನಳಿಕೆಯ ತುದಿ ಒಣಗಿ ಕಟ್ಟಿಕೊಳ್ಳದಿರಲಿ ಅಂತ. ಅವು ಬೇಗ ಆವಿ ಆಗೋಲ್ಲ. ಫೋಟೋ ಪೇಪರಿನ ಲೇಪದ ಕೆಳಗೆ ಪ್ಲಾಸ್ಟಿಕ್ ಪದರ ಇರೋದ್ರಿಂದ ಹಿಂದಕ್ಕೂ ಹೋಗೋಲ್ಲ. ಮುಂದೆ ಗಾಜು ಸಿಕ್ಕರೆ ಅಲ್ಲೇ ಕೂರುತ್ತವೆ. ಪ್ರಿಂಟಿನ ಮೇಲೆ ಸಾದಾ ಕಾಗದ ಇಟ್ಟು, ಅದನ್ನ ಒಂದೆರಡು ಸಲ ಬದಲಿಸಿ, 24 ಗಂಟೆ ಬಿಟ್ಟು ಫ್ರೇಮ್ ಹಾಕಬೇಕಿತ್ತು.

ಗಾಜೇ ಬೇಡ ಅಂದ್ರೂ ಕಷ್ಟ. ಬೇಗ ಒಣಗಿಸಿದ ಆ ರಂಧ್ರಗಳೇ ಗಾಳಿಯಲ್ಲಿನ ಓಝೋನನ್ನೂ ಡೈ ಹತ್ತಿರ ಬಿಡುತ್ತವೆ, ಬಣ್ಣ ಮಾಸುತ್ತೆ. ಇನ್ನೊಂದು ಥರದ ಲೇಪ ಇದೆ, ಜೆಲಟಿನ್‌ನಂಥ ಅಂಟು ಇಂಕ್ ಕುಡಿದು ಉಬ್ಬೋದು. ಅದು ಡೈಯನ್ನ ಒಳಗೆ ಮುಚ್ಚಿ ಚೆನ್ನಾಗಿ ಕಾಪಾಡುತ್ತೆ, ಆದರೆ ಒಣಗೋಕೆ ಗಂಟೆಗಟ್ಟಲೆ ತಗೊಳ್ಳುತ್ತೆ.

ಅದಕ್ಕೇ ‘ತಕ್ಷಣ ಒಣಗುತ್ತದೆ’ ಅನ್ನೋ ಮಾತಿಗೆ ನಮ್ಮ ತಕರಾರು. ಅದು ಸುಳ್ಳಲ್ಲ, ಅರ್ಧ ನಿಜ: ಬೆರಳಿಗೆ ಒಣಗಿದೆ, ಗಾಜಿಗೆ ಒಣಗಿಲ್ಲ, ಅದೂ ಡೈ ಇಂಕಿಗೆ ಮಾತ್ರ. ಲೇಪ ರಂಧ್ರದ್ದೋ ಉಬ್ಬೋದೋ, ಯಾವ ಇಂಕಿಗೆ, ಫ್ರೇಮಿಗೆ ಮುಂಚೆ ಎಷ್ಟು ಗಂಟೆ, ಈ ಮೂರು ಸಾಲು ಹಾಕೋಕೆ ಪ್ಯಾಕೆಟ್ ಹಿಂದೆ ಜಾಗ ಬೇಕಾದಷ್ಟಿದೆ. ಸದ್ಯಕ್ಕೆ ನಮ್ಮ ಪ್ಯಾಕೆಟ್ ಮೇಲೆ ನಾವೇ ಪೆನ್ನಲ್ಲಿ ಬರೆದಿಟ್ಟಿದ್ದೀವಿ: ‘ಡೈ ಮಾತ್ರ. ಸೆಟ್ಟಿಂಗ್ ನೋಡು. ನಾಳೆ ಫ್ರೇಮ್.’